ಅಳುವ ಮಗುವನ್ನು ಶಾಲೆಯಲ್ಲಿ ಬಿಟ್ಟು ಬರೋದು ಹೇಗೆ?

"ಪುಣೆಯಲ್ಲಿದ್ದೀವಿ, ಮನೇಲಿ ಬರೀ ಕನ್ನಡ. ಜೂನ್‌ನಲ್ಲಿ ಮಗಳು ಜೂನಿಯರ್ ಕೆಜಿಗೆ ಹೋಗ್ತಾಳೆ. ಅತ್ತರೆ ಬಿಟ್ಟು ಬರೋದು ಹೇಗೆ? ನನಗೇ ಧೈರ್ಯ ಸಾಲ್ತಿಲ್ಲ."

ಹೇಳಿಯೇ ಬನ್ನಿ. ಮಗು ಆಟದ ಸಾಮಾನಿನ ಕಡೆ ತಿರುಗಿದಾಗ ಸದ್ದಿಲ್ಲದೆ ಜಾರಿಕೊಳ್ಳಿ ಅಂತ ಸುತ್ತಲಿನವರು ಹೇಳ್ತಾರೆ. ಆ ಹೊತ್ತಿಗೆ ಅಳು ತಪ್ಪುತ್ತೆ, ನಿಜ. ಆದರೆ ತಿರುಗಿ ನೋಡಿದಾಗ ಅಮ್ಮ ಇಲ್ಲ ಅಂತಾದರೆ, ಮರುದಿನದಿಂದ ನೀವು ಬಚ್ಚಲಿಗೆ ಹೋದರೂ ಮಗು ಬಾಗಿಲಲ್ಲೇ ಕಾಯುತ್ತೆ.

ನಾವಿರೋದು ಡೊಂಬಿವಲಿಯಲ್ಲಿ. ಮಗನ ಮೊದಲ ದಿನ ಜೋರು ಮಳೆ. ಗೇಟಿನ ಒಳಗೆ ಕೂತು ಅವನ ರೇನ್‌ಕೋಟಿನ ಗುಂಡಿ ಬಿಚ್ಚುತ್ತಾ, "ಡಬ್ಬಿ ತಿಂತೀಯ, ಆಮೇಲೆ ಟೀಚರ್ ಹಾಡು ಹೇಳಿಸ್ತಾರೆ, ಆಮೇಲೆ ಬೆಲ್ ಹೊಡೆಯುತ್ತೆ. ಆಗ ಅಮ್ಮ ಇಲ್ಲೇ ಇರ್ತೀನಿ" ಅಂದೆ. ಹನ್ನೆರಡು ಗಂಟೆ ಅಂದರೆ ಆ ವಯಸ್ಸಿಗೆ ಏನೂ ತಿಳಿಯಲ್ಲ. ಡಬ್ಬಿ ಆದಮೇಲೆ ಅಂದರೆ ತಿಳಿಯುತ್ತೆ. ಶಾಲೆಯ ಆಯಾ ಮಾವಶಿ ಕೈ ಹಿಡಿದರು, ಅವನು ಕಿರುಚಿ ಅತ್ತ, ನಾನು ಒಂದು ಮುತ್ತು ಕೊಟ್ಟು ಹೊರಟೆ. ಕಿಟಕಿಯಲ್ಲಿ ಇಣುಕಲಿಲ್ಲ. ನಮ್ಮ ಮುಖ ಕಂಡರೆ ನಿಂತ ಅಳು ಮತ್ತೆ ಶುರುವಾಗುತ್ತೆ. ನಾನು ರಿಕ್ಷಾ ಹತ್ತುವಷ್ಟರಲ್ಲೇ ಸುಮ್ಮನಾಗಿದ್ದನಂತೆ, ಟೀಚರ್ ಆಮೇಲೆ ಹೇಳಿದರು. ಬೆಲ್ಲಿಗೆ ಮುಂಚೆಯೇ ಹೋಗಿ ನಿಂತಿದ್ದೆ. ಅದೊಂದು ತಪ್ಪಬಾರದು, ಕೊಟ್ಟ ಮಾತು ಅದು.

ಈಗಲೇ ಎರಡು ಅಭ್ಯಾಸ ಮಾಡಿಸಿ. ಡಬ್ಬಿಯ ಮುಚ್ಚಳ ತಾನೇ ತೆಗೆಯಲಿ. ಮತ್ತೆ "ಶೂ ಆಲಿ", "ಪಾಣಿ ಪಾಹಿಜೆ" ಅಂತ ಮರಾಠಿಯಲ್ಲಿ ಕೇಳೋದು ಕಲಿಯಲಿ. ಹೊಸ ಜಾಗದಲ್ಲಿ ಕೇಳೋಕೆ ಬಾರದ ಮಕ್ಕಳು ಮೂತ್ರ ತಡೆದುಕೊಂಡು ಕೂತುಬಿಡ್ತಾರೆ, ನೀರೂ ಕುಡಿಯಲ್ಲ.

ಇನ್ನು ನಿಮ್ಮ ಧೈರ್ಯದ ಮಾತು. ನನಗೆ ಕಷ್ಟವಾಗಿದ್ದು ಗೇಟಿನಲ್ಲಲ್ಲ, ಅವತ್ತು ಸಂಜೆ. ಚಪಾತಿ ಹಿಟ್ಟಿನ ಉಂಡೆ ಹಿಡಿದು ಕೂತವನು ನನಗೆ ಗೊತ್ತಿಲ್ಲದ ಒಂದು ಮರಾಠಿ ಹಾಡು ಗುನುಗುತ್ತಿದ್ದ. ಯಾರು ಹೇಳಿಕೊಟ್ಟರೋ ಅಂದರೆ ಉತ್ತರವಿಲ್ಲ. ಅಲ್ಲಿಯವರೆಗೆ ಅವನು ತಿಂದಿದ್ದು, ಬಿದ್ದಿದ್ದು, ನಕ್ಕಿದ್ದು ಎಲ್ಲ ನನ್ನ ಕಣ್ಣೆದುರೇ. ಇನ್ನು ಅವನ ದಿನದಲ್ಲಿ ನಾನಿಲ್ಲದ ಹೊತ್ತೂ ಇರುತ್ತೆ ಅಂತ ಆಗ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಕೆದಕಿ ಕೇಳೋದು ಬಿಟ್ಟೆ. ಮಲಗೋ ಹೊತ್ತಿಗೆ ತಾನಾಗೇ ಅಷ್ಟಿಷ್ಟು ಹೇಳ್ತಿದ್ದ, ಅಷ್ಟೇ ನನ್ನ ಪಾಲಿಗೆ.

ಭಾನುವಾರ ಕಳೆದು ಸೋಮವಾರ ಅಳು ಮತ್ತೆ ಬರುತ್ತೆ, ಗಾಬರಿಯಾಗಬೇಡಿ. ನೀವು ಹೋದ ಸ್ವಲ್ಪ ಹೊತ್ತಿಗೆ ನಿಲ್ಲುತ್ತಾ ಅಂತ ಟೀಚರನ್ನ ಕೇಳಿ. ನಿಲ್ಲದೆ ವಾರಗಟ್ಟಲೆ ಇಡೀ ದಿನ ಅಳ್ತಿದ್ದರೆ, ಡಬ್ಬಿ ಹಾಗೇ ವಾಪಸ್ ಬರ್ತಿದ್ದರೆ, ಶಾಲೆಯವರ ಜೊತೆ ಕೂತು ಮಾತಾಡಿ.