ಹಾಫ್ ಆಡರ್ ಚಿತ್ರದಾಗ ಒಂದು ಚುಕ್ಕಿ ಜಾಸ್ತಿ ಆಗ್ಯದ

"ಸಂಪಾದಕರಿಗೆ ನಮಸ್ಕಾರ ರೀ. ನಾನು ಸೇಡಂ ಕಡೆಯವ, ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದ್ಲತ್ತೀನಿ. ಹಾಫ್ ಆಡರ್ ಅಂದ್ರ ಎ, ಬಿ ಅನ್ನೋ ಒಂದೊಂದೇ ಬಿಟ್ಟಿನ ಎರಡು ಇನ್‌ಪುಟ್ ಕೂಡ್ಸಿ, ಬಿಡಿ ಸ್ಥಾನದ ಸಮ್, ಮುಂದಿನ ಸ್ಥಾನದ ಕ್ಯಾರಿ ಕೊಡೋ ಸರ್ಕ್ಯೂಟ್, ಅದರ ಮ್ಯಾಲ ಒಂದು ಲೇಖನ ಕಳ್ಸೀನಿ, ಚಿತ್ರಾನೂ ನಾನೇ ಬಿಡಿಸೀನಿ. ಒಂದಕ್ಕ ಒಂದು ಕೂಡ್ಸಿದ್ರ ಗೇಟಿನಾಗ ಏನಾಗ್ತದ ಅಂತ ಹೈಸ್ಕೂಲ್ ಹುಡುಗರಿಗೂ ತಿಳಿಯೋ ಹಂಗ ಬರ್ದೀನಿ ಅನ್ಕೊಂಡೀನಿ. ಹೆಂಗದ ಅಂತ ಮುಚ್ಚುಮರೆ ಇಲ್ದೆ ಹೇಳ್ರಿ."

ತಮ್ಮಾ, ನಿನ್ನ ಕನ್ನಡ ಚಂದ ಅದ, ಅಕ್ಷರ ತಪ್ಪೂ ಕಡಿಮಿ, ಹೊಗಳಿಕಿ ಇಷ್ಟು ಸಾಕು. ಮುಚ್ಚುಮರೆ ಬ್ಯಾಡ ಅಂದಿದ್ದಿ ಅಲ್ಲ, ಅದಕ್ಕ ಸೀದಾ ನನಗ ಚುಚ್ಚಿದ ಜಾಗಕ್ಕೇ ಬರ್ತೀನಿ. ನಿನ್ನೆ ರಾತ್ರಿ ಊಟಕ್ಕ ಕುಂತಾಗೂ ನಿನ್ನ ಎರಡನೇ ಪ್ಯಾರಾನೇ ತಲ್ಯಾಗ ತಿರಗ್ಲತ್ತಿತ್ತು.

ಅದರಾಗ ಮೂರು ಸಾಲು ಅವ. ಮೊದಲನೇದು, "ಮೊದಲು ಎ ಮತ್ತು ಬಿ ಎಕ್ಸಾರ್ ಗೇಟಿಗೆ ಹೋಗಿ ಅಲ್ಲಿ ಕೂಡಿಸಲ್ಪಡುತ್ತವೆ." ಎಕ್ಸಾರ್ ಗೇಟಿಗೆ ಕೂಡ್ಸೋದು ಬರಲ್ಲಪ್ಪ. ಅದಕ್ಕ ಬರೋದು ಒಂದೇ ಕೆಲಸ, ತನ್ನ ಎರಡು ಇನ್‌ಪುಟ್ ಬ್ಯಾರೆ ಬ್ಯಾರೆ ಇದ್ರ 1 ಕೊಡ್ತದ, ಎರಡೂ ಒಂದೇ ಇದ್ರ 0 ಕೊಡ್ತದ. ಒಂದೊಂದೇ ಬಿಟ್ ಇರೋ ಎರಡು ಸಂಖ್ಯೆ ಕೂಡ್ಸಿದಾಗ ಬಿಡಿ ಸ್ಥಾನದಾಗ ಏನು ಬರಬೇಕೋ ಅದೂ ಹಂಗೇ ಇರ್ತದ, ಅದಕ್ಕ ಆ ಗೇಟ್ ಅಲ್ಲಿ ಕುಂತದ, ಅಷ್ಟೇ.

ಎರಡನೇ ಸಾಲು, "ಆಮೇಲೆ ಉತ್ತರ ಹೆಚ್ಚಾದರೆ ಉಳಿದದ್ದು ಆಂಡ್ ಗೇಟಿಗೆ ಹರಿಯುತ್ತದೆ." ಎಲ್ಲಿಂದ ಹರೀತದ? ನಿನ್ನ ಚಿತ್ರ ತಗದು ನೋಡು. ಎಕ್ಸಾರ್ ಗೇಟಿನ ಮೂತಿಯಿಂದ ಹೊರಟ ತಂತಿ ಸೀದಾ ಬಲಕ್ಕ ಹೋಗಿ ಸಮ್ ಅಂತ ಬರ್ದಲ್ಲಿ ನಿಲ್ತದ, ಅಲ್ಲಿಂದ ಆಂಡ್ ಗೇಟಿಗೆ ಬರೋ ಒಂದು ಗೆರೀನೂ ಇಲ್ಲ. ಮತ್ತ ಅದು ಇರಲೂಬಾರ್ದು. ಚಿತ್ರ ನೀನೇ ಬಿಡಿಸಿದ್ದಿ, ಆದ್ರ ಬರಿಯೋವಾಗ ಚಿತ್ರ ನೋಡೇ ಇಲ್ಲ ನೀ, ಸಾಲ್ಯಾಗ ಕಾಗದದ ಮ್ಯಾಲ ಲೆಕ್ಕ ಮಾಡೋದನ್ನ ನೆನಸ್ಕೊಂಡು ಬರ್ದಿದ್ದಿ, ಮೊದಲು ಕೂಡ್ಸು, ಹೆಚ್ಚಾದ್ರ ಕೈಯಾಗ ಒಂದು ಇಟ್ಕೋ ಅಂತ.

ಮೂರನೇದು, "ಆಂಡ್ ಗೇಟ್ ಅದನ್ನು ಕ್ಯಾರಿಯಾಗಿ ಮುಂದಕ್ಕೆ ಕಳಿಸುತ್ತದೆ." ಯಾವುದನ್ನ? ಆಂಡ್ ಗೇಟಿಗೆ ಎಕ್ಸಾರ್ ಏನ್ ಮಾಡ್ತು ಅಂತ ಗೊತ್ತೇ ಇಲ್ಲ. ಅದೂ ಅದೇ ಎ, ಅದೇ ಬಿ ನೋಡ್ತದ, ಎರಡೂ 1 ಇದ್ರ 1 ಅಂತದ, ಇಲ್ದಿದ್ರ 0. ಸಮ್ಮಿಗೆ ಕ್ಯಾರಿ ಬಗ್ಗೆ ಖಬರಿಲ್ಲ, ಕ್ಯಾರಿಗೆ ಸಮ್ಮಿನ ಬಗ್ಗೆ ಖಬರಿಲ್ಲ, ಎರಡು ಗೇಟೂ ಒಂದೇ ಟೈಮಿಗೆ ಒಂದೇ ಜೋಡಿ ತಂತಿ ನೋಡಿ ತಮ್ಮ ತಮ್ಮ ಮಾತು ಹೇಳ್ತಾವ. ಇಲ್ಲಿ 1 ಅಂದ್ರ ತಂತಿ ಮ್ಯಾಲಿನ ವೋಲ್ಟೇಜು. ಎ ತಂತಿ ಒಡದು ಎರಡು ಕಡೆ ಹೋದ್ರ ಅರ್ಧ ಈ ಕಡೆ ಅರ್ಧ ಆ ಕಡೆ ಆಗಂಗಿಲ್ಲ, ಎರಡೂ ಕಡೆ ಪೂರಾ 1 ಸಿಗ್ತದ. ನಿನ್ನ "ಹರಿಯುತ್ತದೆ" ಓದಿದ ಹುಡುಗ ಇದನ್ನ ತಪ್ಪೇ ತಿಳ್ಕೋತಾನ.

ಈಗ ಚಿತ್ರಕ್ಕ ಬರ್ತೀನಿ. ಇದು ನನಗ ಇನ್ನೂ ಜಾಸ್ತಿ ಚುಚ್ಚ್ಯದ. ನೀ ಮೂರು ಚುಕ್ಕಿ ಇಟ್ಟಿದ್ದಿ. ಎ ತಂತಿ ಕವಲು ಒಡಿಯೋ ಜಾಗದಾಗ ಒಂದು, ಬಿ ತಂತಿ ಕವಲು ಒಡಿಯೋ ಜಾಗದಾಗ ಒಂದು, ಇವೆರಡೂ ಬೇಕು. ಮೂರನೇದು ಎ ದಿಂದ ಕೆಳಗಿಳಿಯೋ ಕವಲು ಬಿ ಗೆರೀನ ದಾಟೋ ಜಾಗದಾಗ ಕುಂತದ. ಆ ಚುಕ್ಕಿ ಅಂದ್ರ ಎ ಮತ್ತ ಬಿ ಎರಡೂ ಅಲ್ಲಿ ಬೆಸಿಗಿ ಆಗ್ಯಾವ ಅಂತ ಅರ್ಥ, ಅಂದ್ರ ಎರಡು ಇನ್‌ಪುಟ್ ಇಲ್ಲ, ಒಂದೇ ಅದ.

ನನಗ ಸಿಟ್ಟು ಬಂದದ್ದು ಯಾಕ ಅಂದ್ರ, ನೀ ಲೇಖನದಾಗ ಒಂದೇ ಉದಾಹರಣಿ ಮಾಡಿದ್ದಿ, 1 ಮತ್ತ 1. ಅದು ನಿನ್ನ ತಪ್ಪು ಚಿತ್ರದಾಗೂ ಸರೀನೇ ಬರ್ತದ! ಎರಡೂ 1, ಬೆಸಿಗಿ ಆದ್ರೂ 1, ಎಕ್ಸಾರ್ 0 ಕೊಡ್ತದ, ಆಂಡ್ 1 ಕೊಡ್ತದ, ಕ್ಯಾರಿ ಮೊದಲು ಸಮ್ ಆಮೇಲೆ ಓದಿದ್ರ ಬೈನರಿ 10, ಅಂದ್ರ ಎರಡು. 0 ಮತ್ತ 0 ಇಟ್ರೂ ಸರಿ ಬರ್ತದ, ಎರಡೂ ಔಟ್‌ಪುಟ್ 0. ನಾಲ್ಕು ಸಾಲಿನ ಟೇಬಲ್ಲಿನಾಗ ಎರಡು ಸಾಲು ಪಾಸ್, ಪರೀಕ್ಷೆ ಮಾಡ್ದೋನು ಖುಷಿಯಿಂದ ಮನಿಗೆ ಹೋಗ್ತಾನ.

ಈಗ ಎ ಗೆ 1, ಬಿ ಗೆ 0 ಇಡು. ಸರಿಯಾದ ಚಿತ್ರದಾಗ ಎ ದ 1 ಮ್ಯಾಲಿನ ಕವಲಿನಾಗ ಎಕ್ಸಾರಿಗೆ, ಕೆಳಗಿನ ಕವಲಿನಾಗ ಆಂಡಿಗೆ ಹೋಗ್ತದ, ಬಿ ದ 0 ಕೂಡ ಹಂಗೇ ಎರಡೂ ಕಡೆ. ಎಕ್ಸಾರಿನ ಎರಡು ಕಾಲಿನಾಗ 1, 0, ಬ್ಯಾರೆ ಅವ, ಸಮ್ 1. ಆಂಡಿನ ಎರಡು ಕಾಲಿನಾಗೂ ಅದೇ 1, 0, ಎರಡೂ 1 ಇಲ್ಲ, ಕ್ಯಾರಿ 0. ನಿನ್ನ ಚಿತ್ರದಾಗ ಏನಾಗ್ತದ? 1 ಇರೋ ತಂತಿ, 0 ಇರೋ ತಂತಿ ಒಂದಕ್ಕೊಂದು ಅಂಟ್ಯಾವ. ಟ್ರೇನರ್ ಕಿಟ್ಟಿನ ಸ್ವಿಚ್ಚು ಸೀದಾ 5 ವೋಲ್ಟಿಗೂ ಗ್ರೌಂಡಿಗೂ ಕೊಡೋ ಜಾತಿದಿದ್ರ ಸಪ್ಲೈನೇ ಶಾರ್ಟ್. ರೆಸಿಸ್ಟರ್ ಮೂಲಕ ಮ್ಯಾಲ ಎಳದು ಸ್ವಿಚ್ಚಿನಿಂದ ಗ್ರೌಂಡ್ ಮಾಡೋ ಜಾತಿದಿದ್ರ 0 ಗೆಲ್ತದ, ಎರಡು ತಂತೀನೂ 0 ಆಗ್ತಾವ. ಏನಾದ್ರೂ ಆಗ್ಲಿ, ಎಕ್ಸಾರಿನ ಎರಡು ಕಾಲಿಗೆ ಯಾವಾಗ್ಲೂ ಒಂದೇ ಬೆಲೆ ಹೋಗ್ತದ, ಹಂಗಾದ್ರ ಅದು ಎಂದೂ 1 ಕೊಡಂಗಿಲ್ಲ. ಯಾರಾದ್ರೂ "ಸರ್ ಸಮ್ ಲೈಟ್ ಹತ್ತೋದೇ ಇಲ್ಲ, ಕ್ಯಾರಿ ಮಾತ್ರ ಹತ್ತತದ" ಅಂತ ಬಂದ್ರ ಐಸಿ ಬದಲಿ ಮಾಡೋಕಿಂತ ಮುಂಚೆ ಎ, ಬಿ ಎಲ್ಲಾದ್ರೂ ಕೂಡ್ಯಾವೇನು ನೋಡ್ಬೇಕು.

ಇದು ನನಗ ಕಾಲೇಜಿನಾಗ ಕಲಿಸಿದ್ದಲ್ಲ. ಕಲಬುರಗಿಯೊಳಗ ಸೂಪರ್ ಮಾರ್ಕೆಟ್ ಹತ್ರ ಒಂದು ಪ್ರೆಸ್ ಇತ್ತು, ಲ್ಯಾಬ್ ಮ್ಯಾನುವಲ್, ಗೈಡ್ ಎಲ್ಲಾ ಅಲ್ಲೇ ಅಚ್ಚಾಗ್ತಿದ್ವು, ನಾ ಅಲ್ಲಿ ಸರ್ಕ್ಯೂಟ್ ಚಿತ್ರ ಟ್ರೇಸಿಂಗ್ ಪೇಪರ್ ಮ್ಯಾಲ ಇಂಕಿನ ಪೆನ್ನಿನಾಗ ತಿರುಗಿ ಬರಿಯೋ ಹುಡುಗ. ಬ್ಯಾಸಗ್ಯಾಗ ಫ್ಯಾನ್ ಹಚ್ಚಂಗಿಲ್ಲ, ಪೇಪರ್ ಹಾರ್ತದ, ಹಚ್ಚಲಿಲ್ಲ ಅಂದ್ರ ಮುಂಗೈ ಬೆವರು ಇಂಕಿನ ಮ್ಯಾಲ. ಕಲಿಸ್ದವರಿಗೆ ನಾವು ಉಸ್ತಾದ್ ಅಂತಿದ್ವಿ. ಅವರಿಗೆ ಗೇಟ್ ಅಂದ್ರ ಏನು ಅಂತ ಗೊತ್ತಿರಲಿಲ್ಲ, ಬೂಲಿಯನ್ ಅಂದ್ರ ಯಾವುದೋ ಊರು ಅನ್ಕೊಂಡಿದ್ರು ಅನಸ್ತದ. ಆದ್ರ ಚಿತ್ರ ಕೈಗೆ ಬಂತಂದ್ರ ಒಂದು ಕೆಂಪು ಪೆನ್ಸಿಲ್, ಒಂದು ನೀಲಿ ಪೆನ್ಸಿಲ್ ತಗೊಂಡು ಜೆರಾಕ್ಸ್ ಕಾಪಿ ಮ್ಯಾಲ ಮೊದಲನೇ ಇನ್‌ಪುಟ್ ಪೂರಾ ಕೆಂಪು, ಎರಡನೇದು ಪೂರಾ ನೀಲಿ ಮಾಡ್ತಿದ್ರು, ಚುಕ್ಕಿ ಇದ್ದಲ್ಲಿ ಬಣ್ಣ ತಿರುಗ್ತದ, ಇಲ್ದಲ್ಲಿ ಸೀದಾ ದಾಟ್ತದ. "ಕೆಂಪು ನೀಲಿ ಗೇಟಿನ ಹೊಟ್ಟ್ಯಾಗೇ ಕೂಡಬೇಕು, ರಸ್ತೇದಾಗ ಕೂಡಿದ್ರ ಚಿತ್ರ ವಾಪಸ್," ಅಷ್ಟೇ ಅವರ ಕಾನೂನು. ಡಿಗ್ರಿ ಇದ್ದ ಲೇಖಕರ ಚಿತ್ರಾನೂ ಹಿಂಗೇ ವಾಪಸ್ ಹೋಗಿದ್ದು ನಾ ಕಣ್ಣಾರೆ ನೋಡೀನಿ, ಲೇಖಕರು ಸಿಟ್ಟಾಗಿದ್ದೂ ನೋಡೀನಿ.

ಅವರೇ ಹೇಳಿದ ಇನ್ನೊಂದು ಮಾತು ನಿನಗ ಉಪಯೋಗಕ್ಕ ಬರ್ತದ. ನಾಲ್ಕು ಕಡೆಯಿಂದ ಗೆರಿ ಬಂದು ಸೇರೋ ಜಾಗದಾಗ ಚುಕ್ಕಿ ಇಡೋ ಪದ್ಧತೀನೇ ಬ್ಯಾಡ. ಅಚ್ಚಿನಾಗ ಚುಕ್ಕಿ ಅಳಿಸಿ ಹೋಗ್ತದ, ಇಲ್ಲಂದ್ರ ಚುಕ್ಕಿ ಇಲ್ಲದ ಕಡೆ ಇಂಕು ಹರಡಿ ಚುಕ್ಕಿ ಹಂಗ ಕಾಣ್ತದ, ನಿನ್ನ ಮೂರನೇ ಚುಕ್ಕೀನೂ ಸ್ಕ್ಯಾನಿನಾಗ ಹುಟ್ಟಿದ್ದಿರಬಹುದು ಅಂತ ನನಗ ಒಂದು ಅನುಮಾನ ಅದ, ಆದ್ರೂ ಓದೋ ಹುಡುಗಗ ಅದು ಹೆಂಗ ಗೊತ್ತಾಗ್ಬೇಕು? ಅದಕ್ಕ ಸೇರೋ ಜಾಗ ಎಲ್ಲಾ ಮೂರು ಗೆರೀದೇ ಇರಬೇಕು, ಒಂದು ಗೆರಿ ಬಂದು ಇನ್ನೊಂದಕ್ಕ ತಾಕಿ ನಿಲ್ಲಬೇಕು. ಹಂಗಿದ್ರ ಚುಕ್ಕಿ ಅಳಿಸಿದ್ರೂ ಕೂಡ್ಯಾವ ಅಂತ ತಿಳೀತದ, ನಾಲ್ಕು ಗೆರಿ ಕಂಡ್ರ ಅದು ಬರೇ ದಾಟೋದು ಅಂತ ತಿಳೀತದ.

ಮತ್ತ ನಿನ್ನ ಚಿತ್ರದಾಗ ಗೆರಿ ಎರಡು ಸರ್ತಿ ದಾಟ್ಯಾವ, ಒಂದೇ ಸಾಕಿತ್ತು. ಇನ್‌ಪುಟ್ ಎರಡೂ ಎಡಕ್ಕ, ಔಟ್‌ಪುಟ್ ಎರಡೂ ಬಲಕ್ಕ ಇಟ್ರ ಒಂದು ದಾಟುವಿಕಿ ತಪ್ಪಂಗಿಲ್ಲ, ಎರಡನೇದು ನಿನ್ನ ಕೈಯಾರೆ ಬಂದದ್ದು. ಬಿ ದ ಕವಲು ಎ ದ ಕವಲಿಗಿಂತ ಎಡಕ್ಕ ಒಡೀಲಿ. ಆಗ ಬಿ ಕೆಳಗಿಳದು ಆಂಡಿನ ಕೆಳಗಿನ ಕಾಲಿಗೆ ಹೋಗ್ತದ, ಎ ದ ಕವಲು ಬಿ ಗೆರೀನ ಒಮ್ಮೆ ದಾಟಿ ಆಂಡಿನ ಮ್ಯಾಲಿನ ಕಾಲಿಗೆ ಹೋಗ್ತದ, ಮುಗೀತು.

ಉಳಿದ ಪ್ಯಾರಾಗಳ ಬಗ್ಗೆ ಏನೂ ಹೇಳಂಗಿಲ್ಲ, ಅವು ಹಂಗೇ ಇರಲಿ. ಅದೇ ಹಾಫ್ ಆಡರಿಗೆ ಕಡೀಗಿ ಹಾಕಿದ ಐದು ನ್ಯಾಂಡ್ ಗೇಟಿನ ಚಿತ್ರ ಮಾತ್ರ ನೀ ಎರಡೇ ಸಾಲಿನಾಗ ಮುಗಿಸಿದ್ದಿ, ಅದು ಅನ್ಯಾಯ. ನ್ಯಾಂಡ್ ಅಂದ್ರ ಆಂಡಿನ ಉಲ್ಟಾ, ಎರಡೂ 1 ಇದ್ರ 0, ಇಲ್ದಿದ್ರ 1. ನಿನ್ನ "ಮೊದಲು, ಆಮೇಲೆ" ಎಲ್ಲಾ ಎತ್ಕೊಂಡು ಇಲ್ಲಿ ತಂದು ಹಾಕು, ಯಾಕಂದ್ರ ಇಲ್ಲಿ ಖರೇನೇ ಮೊದಲು ಆಮೇಲೆ ಅದ. ಮೊದಲನೇ ನ್ಯಾಂಡಿಗೆ ಎ, ಬಿ ಹೋಗ್ತಾವ. ಅದರ ಉತ್ತರ ಮೂರು ಕಡೆ ಹೋಗ್ತದ, ಎ ಜೊತಿ ಎರಡನೇ ನ್ಯಾಂಡಿಗೆ, ಬಿ ಜೊತಿ ಮೂರನೇದಕ್ಕ, ಮತ್ತ ಐದನೇದಕ್ಕ, ಆ ಐದನೇದು ಅದನ್ನ ಉಲ್ಟಾ ಮಾಡಿ ಕ್ಯಾರಿ ಕೊಡ್ತದ. ಎರಡನೇದು ಮೂರನೇದರ ಉತ್ತರ ನಾಲ್ಕನೇದಕ್ಕ ಹೋಗಿ ಸಮ್ ಆಗ್ತದ. 7400 ಐಸಿಯೊಳಗ ನಾಲ್ಕೇ ನ್ಯಾಂಡ್ ಇರ್ತಾವ, ಐದನೇದಕ್ಕ ಇನ್ನೊಂದು ಐಸಿ ಬೇಕು ಅಂತಾನೂ ಬರಿ, ಪ್ರಾಕ್ಟಿಕಲ್‌ಗೆ ಹೋದ ಹುಡುಗರು ಅಲ್ಲೇ ಕೈ ಕೈ ನೋಡ್ಕೋತಾರ.

ಈಗ ಎ, ಬಿ ಎರಡೂ 0 ಇದ್ದಾವ ಅನ್ನು. ಮೊದಲ ಮೂರು ನ್ಯಾಂಡೂ 1 ಕೊಡ್ಲತ್ತಾವ, ಸಮ್ 0. ಎರಡನ್ನೂ ಒಮ್ಮೆಗೇ 1 ಮಾಡು. ಒಂದು ಗೇಟ್ ಉತ್ತರ ಬದಲಿಸೋಕ ಸುಮಾರು 10 ನ್ಯಾನೋಸೆಕೆಂಡ್ ತಗೋತದ, ಅಷ್ಟರೊಳಗ ಮೊದಲನೇ ನ್ಯಾಂಡ್ ಇನ್ನೂ ಹಳೇ 1 ರಾಗೇ ಇರ್ತದ. ಎರಡನೇ, ಮೂರನೇ ನ್ಯಾಂಡ್ ಅದೇ ಹಳೇ 1, ಹೊಸಾ 1 ಎರಡೂ ನೋಡಿ 0 ಕಡೆ ಹೊಂಡ್ತಾವ, ಅದಕ್ಕ ನಾಲ್ಕನೇದು ಸಮ್ಮನ್ನ 1 ಮಾಡ್ತದ. ಅಷ್ಟೊತ್ತಿಗೆ ಮೊದಲನೇದು 0 ಆಗಿ ಸುದ್ದಿ ತಲುಪ್ತದ, ಎರಡನೇ ಮೂರನೇದು ತಿರುಗಿ 1, ಸಮ್ ತಿರುಗಿ 0. ನಡುವ ಒಂದು ಗೇಟಿನ ಟೈಮಿನಷ್ಟು ಸಮ್ ಸುಳ್ಳು 1 ತೋರಿಸ್ತು. ಎಲ್ಇಡಿ ಮ್ಯಾಲ ಕಣ್ಣಿಗೆ ಕಾಣಂಗಿಲ್ಲ, ಆದ್ರ ಆ ಸಮ್ ತಂತೀನ ಕೌಂಟರಿನ ಕ್ಲಾಕಿಗೆ ಹಚ್ಚಿದ್ರ ಅದು ಒಂದು ಎಣಿಕಿ ಜಾಸ್ತಿ ಎಣಿಸಬಹುದು.

ಇದನ್ನ ಒಂದು ಪೂರ್ತಿ ಪ್ಯಾರಾ ಬರಿ, ಎರಡನೇ ಪ್ಯಾರಾದ ಆ ಮೂರು ಸಾಲು ಹೊಡದು ಹಾಕು, 1 ಮತ್ತ 1 ಜೊತಿಗೆ 1 ಮತ್ತ 0 ರ ದಾರೀನೂ ಹಾಕು. ಚಿತ್ರ ಸ್ಕ್ಯಾನ್ ಮಾಡೋವಾಗ ಮೊಬೈಲಿನ ನೆರಳು ಬೀಳದಂಗ ಹಗಲಿನ ಬೆಳಕಿನಾಗ ಮಾಡಿ ಕಳ್ಸು, ಬಣ್ಣದ ಪೆನ್ಸಿಲ್ ನನ್ನ ಹತ್ರ ಅವ.