ಪಾಲಿಸಿ ನಂಬರ್ ಅಸಲಿ ಇದ್ದರೂ ಪಾಲಿಸಿ ನಕಲಿ ಆಗಿರಬಹುದು

"ಏಜೆಂಟ್ ಒಬ್ಬರು ನನ್ನ 1,197 ಸಿಸಿ ಕಾರಿಗೆ ಥರ್ಡ್ ಪಾರ್ಟಿ ಪಾಲಿಸಿ ವಾಟ್ಸಾಪ್‌ನಲ್ಲಿ ಕಳಿಸಿ, 2,500 ರೂಪಾಯಿ ಫೋನ್‌ಪೇ ಮಾಡಿ ಅಂತಿದ್ದಾರೆ. ದುಡ್ಡು ಹಾಕೋ ಮುಂಚೆ ಅಸಲಿಯೋ ನಕಲಿಯೋ ನೋಡೋದು ಹೇಗೆ?"

ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಆ ಮೊತ್ತ ನೋಡಿದರೇ ಅನುಮಾನ ಬರುತ್ತದೆ. ಥರ್ಡ್ ಪಾರ್ಟಿ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ, ಅದರಲ್ಲಿ ಯಾವ ಏಜೆಂಟೂ ರಿಯಾಯಿತಿ ಕೊಡಲು ಬರುವುದಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1,000ದಿಂದ 1,500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಶೇ 18 ಜಿಎಸ್‌ಟಿ ಸೇರಿದರೆ 4,031.

ನಮ್ಮ ಭಾವನೂ ಹೀಗೇ 2,500 ಕೊಟ್ಟಿದ್ದರು. mParivahan ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿದರೆ ವಿಮೆ ಚಾಲ್ತಿಯಲ್ಲಿದೆ ಎಂದೇ ತೋರಿಸುತ್ತಿತ್ತು. ಅವರ ಕಾರು ಬೈಕ್ ಸವಾರನೊಬ್ಬನಿಗೆ ತಾಗಿ, ಅವನ ಕಾಲು ಮುರಿದಾಗಲೇ ನಿಜ ಹೊರಬಿದ್ದದ್ದು. ಮಧ್ಯವರ್ತಿ ಕಾರಿನ ನೋಂದಣಿ ಸಂಖ್ಯೆ ಕೊಟ್ಟು, ವಾಹನ ಮಾತ್ರ 110 ಸಿಸಿ ಸ್ಕೂಟರ್ ಅಂತ ನಮೂದಿಸಿ ಪಾಲಿಸಿ ತೆಗೆದಿದ್ದ. ಅದಕ್ಕೆ ತೆರಿಗೆ ಸೇರಿ ಸುಮಾರು 843 ರೂಪಾಯಿ. ಆಮೇಲೆ ಪಿಡಿಎಫ್ ತಿದ್ದಿ, ಸ್ಕೂಟರ್ ಇದ್ದಲ್ಲಿ ಕಾರು ಅಂತ ಬರೆದ. ಪಾಲಿಸಿ ನಂಬರ್ ನಿಜ, ಕಂಪನಿಯೂ ನಿಜ. ಆದರೆ ಅದು ಕಾರಿನ ಪಾಲಿಸಿ ಅಲ್ಲ ಎಂದು ಕಂಪನಿ ಕೈಯೆತ್ತಿತು. ಗಾಯಾಳುವಿನ ಚಿಕಿತ್ಸೆಗೆ ಭಾವನೇ ಸಾಲ ಮಾಡಿದರು.

ಆದ್ದರಿಂದ 'ಚಾಲ್ತಿಯಲ್ಲಿದೆ' ಅನ್ನುವುದನ್ನು ನೋಡಿ ಸಮಾಧಾನಪಡಬೇಡಿ. ವಿಮಾ ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಪಿಡಿಎಫ್‌ನಲ್ಲಿರುವ ಲಿಂಕ್ ಒತ್ತಬೇಡಿ, ಕ್ಯೂಆರ್ ಕೋಡನ್ನೂ ನಂಬಬೇಡಿ, ಪಿಡಿಎಫ್ ತಿದ್ದುವವನಿಗೆ ಅದನ್ನು ಬದಲಿಸುವುದು ಕಷ್ಟವಲ್ಲ. ಪಾಲಿಸಿ ನಂಬರ್ ಹಾಕಿ ಮೂಲ ಪ್ರತಿ ಇಳಿಸಿಕೊಂಡು ಆರ್‌ಸಿ ಪಕ್ಕದಲ್ಲಿಟ್ಟು ನೋಡಿ: ವಾಹನದ ಬಗೆ, ಮಾಡೆಲ್, ಸಿಸಿ, ಎಂಜಿನ್ ಮತ್ತು ಚಾಸಿ ನಂಬರ್, ಕಟ್ಟಿದ ಪ್ರೀಮಿಯಂ. ಇದರಲ್ಲಿ ಒಂದು ತಾಳೆಯಾಗದಿದ್ದರೂ ಬಿಟ್ಟುಬಿಡಿ. ಪ್ರತಿ ಇಳಿಸಲು ಓಟಿಪಿ ಕೇಳಿ, ಅದು ನಿಮ್ಮ ಮೊಬೈಲಿಗೆ ಬರದಿದ್ದರೆ ಏಜೆಂಟ್ ತನ್ನ ನಂಬರ್ ಕೊಟ್ಟಿದ್ದಾನೆ ಎಂದರ್ಥ. ಆಗ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಇದೇ ವಿವರಗಳನ್ನು ಒಂದೊಂದಾಗಿ ಕೇಳಿ.

ಇನ್ನೊಂದು ವಿಷಯ. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ನೀವು ದುಡ್ಡು ಕೊಡುವ ಮುಂಚೆಯೇ ಪಾಲಿಸಿ ಬಂದಿದೆ ಎಂದರೆ, ಒಂದೋ ಏಜೆಂಟ್ ಕೈಯಿಂದ ಕಟ್ಟಿರಬೇಕು, ಇಲ್ಲವೇ ಅದು ಬರೀ ಕಾಗದ. ನಿಮ್ಮ ಮೊಬೈಲ್ ಮತ್ತು ಇಮೇಲ್ ಕೊಟ್ಟು ಕಂಪನಿಯಿಂದಲೇ ಪಾವತಿ ಲಿಂಕ್ ತರಿಸಿ ಅಂತ ಏಜೆಂಟರಿಗೆ ಹೇಳಿ. ದುಡ್ಡು ಹೋಗುವ ಹೆಸರು ವಿಮಾ ಕಂಪನಿಯದ್ದೇ ಇರಲಿ, ವ್ಯಕ್ತಿಯದ್ದಾಗಿದ್ದರೆ ಕಟ್ಟಬೇಡಿ.

ಈಗಾಗಲೇ ಯಾರಿಗಾದರೂ ಹೀಗೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಅಸಲಿ ಪಾಲಿಸಿ ಕೈಗೆ ಬರುವ ತನಕ ಗಾಡಿ ರಸ್ತೆಗೆ ಇಳಿಸುವುದು ಬೇಡ.