ಓಟಕ್ಕೆ ಮುಂಚೆ ನಿಂತು ಎಳೆಯುವುದು ಸಾಕಾ?

"100 ಮೀಟರ್ ಓಡೋಕೆ ಮುಂಚೆ ಬಗ್ಗಿ ಒಂದು ನಿಮಿಷ ಕಾಲ್ಬೆರಳು ಹಿಡಿದು ನಿಲ್ತೀನಿ. ಆದ್ರೂ ತೊಡೆ ಹಿಂದೆ ಹಿಡ್ಕೊಳ್ಳುತ್ತೆ, ಯಾಕೆ?"

ತೊಡೆ ಹಿಂದಿನ ಸ್ನಾಯುವಾದ ಹ್ಯಾಮ್‌ಸ್ಟ್ರಿಂಗ್‌ಗೆ ಪೆಟ್ಟಾಗುವುದು ಹೆಚ್ಚಾಗಿ ಪೂರ್ತಿ ವೇಗದಲ್ಲಿ, ಮುಂದೆ ಚಾಚಿದ ಕಾಲು ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ. ಆಗ ಅದು ಉದ್ದವಾಗುತ್ತಲೇ ಕಾಲಿಗೆ ಬ್ರೇಕ್ ಹಾಕುತ್ತಿರುತ್ತದೆ. ಸುಮ್ನೆ ನಿಂತು ಎಳೆದರೆ ಆ ಕೆಲಸಕ್ಕೆ ಅದು ತಯಾರಾಗಲ್ಲ. ಜಾಸ್ತಿ ಹೊತ್ತು ಎಳೆದರೆ ಸ್ವಲ್ಪ ಬಲವೂ ಕಮ್ಮಿಯಾಗುತ್ತದೆ.

5 ನಿಮಿಷ ನಿಧಾನಕ್ಕೆ ಓಡಿ. ಗೋಡೆ ಹಿಡಿದು ಒಂದೊಂದು ಕಾಲನ್ನೂ 10 ಸಲ ಹಿಂದೆ ಮುಂದೆ ಬೀಸಿ. ಆಮೇಲೆ 50 ಮೀಟರ್‌ನ ಮೂರು ಓಟ: ಮೊದಲು ಅರ್ಧ ವೇಗ, ಆಮೇಲೆ ಮುಕ್ಕಾಲು, ಕೊನೆಗೆ ಶೇ. 90. ಮಧ್ಯೆ ನಡೆದು ವಾಪಸ್ ಬನ್ನಿ. ಎಲ್ಲರೂ ಬಿಡೋದು ಈ ಓಟಗಳನ್ನೇ! ಮುಕ್ಕಾಲು ವೇಗದಲ್ಲೇ ಒಂದು ಜಾಗದಲ್ಲಿ ಚುಚ್ಚಿದರೆ ಅವತ್ತು ಅಲ್ಲಿಗೇ ನಿಲ್ಲಿಸಿ. ಮಂಡಿಯೂರಿ, ಪಾದಗಳನ್ನು ಹಿಡಿಸಿಕೊಂಡು ನಿಧಾನಕ್ಕೆ ಮುಂದೆ ಬಾಗುವ ನಾರ್ಡಿಕ್ ವ್ಯಾಯಾಮವೂ ಒಳ್ಳೆಯದೇ, ಆದರೆ ಓಟ ಮುಗಿದ ಮೇಲೆ.